ಉಪ್ಪುನೀರಿನ ಮಧ್ಯಾಹ್ನ

ಸಕ್ರವ್ವ ಹಿತ್ತಲಿಗೆ ಬಂದಾಗ ಸುಧಾರಾಣಿ ಕುದಿಯುವ ನೀರನ್ನು ಹಾಸಿಗೆಯ ಚಾದರದ ಮೇಲೆ ಬಗ್ಗಿಸುತ್ತಿದ್ದಳು. ಸಕ್ರವ್ವ ಓಡಿ ಬಂದು ಸೊಸೆಯ ಕೈಹಿಡಿದಳು. ಅಷ್ಟರಲ್ಲಿ ಒಂದು ಮೂಲೆ ತೊಯ್ದೇ ಹೋಗಿತ್ತು.

"ಬಿಸಿನೀರು ಹಾಕಬಾರ್ದ ಯವ್ವಾ. ತತ್ತಿ ಬೆಂದ್ರ ಹೆಂಗ ಗಟ್ಟಿ ಆಕ್ಕೈತಿ, ರಕ್ತನೂ ಹಂಗ. ಅರಿವ್ಯಾಗ ಕುಂತು ಬಿಡತೈತಿ."

ಸಕ್ರವ್ವ ಹದಿನೆಂಟು ವರ್ಷಗಳಿಂದ ತಿಕೋಟಾದಿಂದ ವಿಜಯಪುರಕ್ಕೆ ಬಸ್ಸಿನಲ್ಲಿ ಹೋಗಿ, ಒಂದು ಹೆರಿಗೆ ಆಸ್ಪತ್ರೆಯ ಬಟ್ಟೆ ಒಗೆಯುತ್ತಿದ್ದಳು. ಊರವರ ರಕ್ತವನ್ನೆಲ್ಲ ತೊಳೆದ ಕೈ ಅದು. ಆದರೆ ಐದು ದಿನಗಳಿಂದ ತನ್ನದೇ ಮನೆಯ ಮೂಲೆಯಲ್ಲಿ ಸುತ್ತಿ ಬಿದ್ದಿದ್ದ ಈ ಚಾದರವನ್ನು ಮುಟ್ಟಲು ಅವಳಿಗೆ ಧೈರ್ಯವಾಗಿರಲಿಲ್ಲ. ಏಳನೇ ತಿಂಗಳಲ್ಲಿ ಸುಧಾರಾಣಿಗೆ ರಕ್ತ ಹೋಗತೊಡಗಿದ್ದು ಇದರ ಮೇಲೆಯೇ. ಆಸ್ಪತ್ರೆಯಲ್ಲಿ ಕೂಸು ಉಸಿರಿಲ್ಲದೆ ಹುಟ್ಟಿತು. ನಿನ್ನೆ ಮನೆಗೆ ಬಂದ ಸೊಸೆ ಈವರೆಗೆ ಒಂದು ಹನಿ ಕಣ್ಣೀರು ಹಾಕಿರಲಿಲ್ಲ.

"ಲಗೂನ ಹೋಗ್ಲಿ ಅಂತ ಹಾಕಿದ್ನಿರಿ, ಅತ್ತಿ. ಕಣ್ಣಿಗೆ ಬೀಳಬಾರ್ದು."

"ಒಣಗಿದ್ದು ಲಗೂನ ಹೋಗಂಗಿಲ್ಲ."

ಒಣಗಿ ಅಂಟಿದ್ದ ರಕ್ತದ ಹಕ್ಕಳೆಯನ್ನು ಸಕ್ರವ್ವ ಮೆಲ್ಲಗೆ ಉಗುರಿನಿಂದ ಕೆರೆದು ಉದುರಿಸಿದಳು. ಬಕೆಟ್ಟಿನಲ್ಲಿ ಕೊಡದ ತಣ್ಣೀರು ತುಂಬಿ, ಎರಡು ಹಿಡಿ ಉಪ್ಪು ಕದಡಿ ಚಾದರ ಮುಳುಗಿಸಿದಳು.

"ತಣ್ಣೀರಾಗ ಉಪ್ಪಿದ್ರ ಕಲೆ ಬಿಡಿಸ್ಕೊಂಡು ಬರತೈತಿ. ಸಾಬೂನು ಆಮ್ಯಾಲೆ."

ಇನ್ನು ಕಾಯುವುದೊಂದೇ ಕೆಲಸ. ಇಬ್ಬರೂ ಬೇವಿನ ನೆರಳಲ್ಲಿ ಕೂತರು. ನೀರು ನಿಧಾನವಾಗಿ ಕಂದು ಬಣ್ಣಕ್ಕೆ ತಿರುಗಿತು. ಸಕ್ರವ್ವ ಅದನ್ನು ಚೆಲ್ಲಿ ಹೊಸ ಉಪ್ಪುನೀರು ಹಾಕಿದಳು. ಎರಡನೇ ನೀರೂ ಬಣ್ಣ ತಿರುಗುವಾಗ ಸುಧಾರಾಣಿ ತಲೆಯೆತ್ತದೆ ಕೇಳಿದಳು.

"ನೀವು ನೋಡೀರಿ ಹೌದಲ್ರಿ? ನನಗ ಯಾರೂ ತೋರಿಸ್ಲಿಲ್ಲ."

ನೋಡಿದರೆ ಮರೆಯಲಾರಳೆಂದು ಆಗ ಬೇಡ ಎಂದವಳು ಸಕ್ರವ್ವನೇ. ಎಲ್ಲ ಬೇಗ ಮುಗಿದುಹೋಗಲೆಂದು ಅವಳೂ ಅವಸರ ಮಾಡಿದ್ದಳು.

"ನಂದ ತಪ್ಪಾತು, ಯವ್ವಾ. ಹೆಣ್ಣುಕೂಸು. ತಲಿ ತುಂಬ ಕೂದ್ಲಿತ್ತು. ಗದ್ದ ಥೇಟ್ ನಿನ್ನಂಗ. ಒಂದು ಮುಷ್ಟಿ ಬಿಗಿಯಾಗಿ ಹಿಡ್ಕೊಂಡಿತ್ತು, ನಾ ಬಿಡಿಸಿ ನನ್ನ ಬಟ್ಟು ಇಟ್ಟಿದ್ದೆ."

ಸುಧಾರಾಣಿ ಅತ್ತೆಯ ಆ ಬೆರಳನ್ನು ಹಿಡಿದುಕೊಂಡಳು. ಆಮೇಲೆ ಅತ್ತಳು, ಐದು ದಿನದ್ದನ್ನೂ ಅತ್ತಳು.

ಹೊತ್ತು ಇಳಿದಾಗ ಇಬ್ಬರೂ ಸಾಬೂನು ಹಚ್ಚಿ ಉಜ್ಜಿದರು. ಚಾದರ ಹಸನಾಯಿತು. ಬಿಸಿನೀರು ಬಿದ್ದ ಮೂಲೆಯ ಕಲೆ ಮಾತ್ರ ಹೋಗಲಿಲ್ಲ. ಸುಧಾರಾಣಿ ಅದನ್ನು ಮತ್ತೆ ಉಜ್ಜಲು ಹೋಗಲಿಲ್ಲ.

ಕೂಸನ್ನು ಮಣ್ಣು ಮಾಡಿ ಬಂದಾಗಿನಿಂದ ಹೆಂಡತಿಗೆ ಮುಖ ಕೊಡದ ಮಹಾದೇವ ದ್ರಾಕ್ಷಿ ತೋಟದಿಂದ ಬಂದು ಬಾಗಿಲಲ್ಲೇ ನಿಂತಿದ್ದ.

"ಬಾ ಇಲ್ಲೆ," ಎಂದಳು ಸಕ್ರವ್ವ. "ಕೂಸಿನ್ನ ಎಲ್ಲಿ ಮಲಗಿಸಿ ಬಂದಿ ಅಂತ ಆಕಿಗೆ ಹೇಳು."

ಅವನು ಹೆಂಡತಿಯ ಪಕ್ಕ ಒದ್ದೆ ನೆಲದ ಮೇಲೇ ಕೂತು, ಹೇಳತೊಡಗಿದ.