ಮ್ಯಾಟಿನ ಮೇಲಿನ ತೂಕ

ಚಳಿಗಾಲದ ಒಂದು ಭಾನುವಾರ, ಬಿಸಿಲು ಇನ್ನೂ ಕಿಟಕಿ ಮುಟ್ಟಿರದ ಹೊತ್ತಿನಲ್ಲಿ ಇದು ಶುರುವಾಯಿತು. ಶಾಲೆಯ ದೊಡ್ಡ ಹಾಲಿನ ಸಿಮೆಂಟು ನೆಲ ಮಂಜುಗಡ್ಡೆಯಂತಿತ್ತು. ಮಕ್ಕಳ ಕುಸ್ತಿಗೆ ಬಂದ ಹುಡುಗರು ಚಡ್ಡಿ ಬನಿಯನ್ನಿನಲ್ಲಿ ಸಾಲು ನಿಂತು, ಒಂದು ಪಾದದ ಮೇಲೆ ಇನ್ನೊಂದು ಪಾದ ಇಟ್ಟುಕೊಂಡು ನಡುಗುತ್ತಿದ್ದರು. ಹಾಲಿನ ನಡುವೆ ನೀಲಿ ಮ್ಯಾಟು ಹಾಸಿತ್ತು. ಗೋಡೆಯ ಪಕ್ಕದ ಮೇಜಿಗೆ ಜೋಡಿಯಜ್ಜ ಕೂತಿದ್ದರು.

ಯಾರ ಮೇಲೆ ಯಾರನ್ನು ಬಿಡಬೇಕು ಎಂದು ಜೋಡಿ ಕಟ್ಟುವವರು ಅವರೇ. ಅದಕ್ಕೇ ಆ ಹೆಸರು ಬಿತ್ತು. ನೋಂದಣಿ ಪಟ್ಟಿಯಲ್ಲಿ ಅಪ್ಪಂದಿರು ಬರೆಸಿದ ತೂಕವನ್ನು ಅವರು ಓದುತ್ತಲೂ ಇರಲಿಲ್ಲ.

"ಅದು ಮಗನ ತೂಕ ಅಲ್ಲಪ್ಪಾ, ಅಪ್ಪನ ಆಸೆ," ಎನ್ನುತ್ತಿದ್ದರು. "ಬೆಳಿಗ್ಗೆ ನನ್ನ ಕಣ್ಣೆದುರು ತೂಗಿದ್ದೇ ತೂಕ."

ಒಂದೊಂದು ಮಗುವಿಗೆ ಒಂದೊಂದು ಚೀಟಿ. ಮೊದಲು ಹುಟ್ಟಿದ ವರ್ಷದ ಪ್ರಕಾರ ಚೀಟಿಗಳನ್ನು ಬೇರೆ ಬೇರೆ ಗುಡ್ಡೆ ಮಾಡುವುದು. ಆಮೇಲೆ ಒಂದೊಂದು ಗುಡ್ಡೆಯನ್ನೂ ಹಗುರದವನಿಂದ ಭಾರದವನ ತನಕ ಜೋಡಿಸಿ, ಹತ್ತಿರ ಹತ್ತಿರದ ನಾಲ್ವರನ್ನು ಒಂದು ಗುಂಪು ಮಾಡುವುದು. ಗುಂಪಿನ ಹಗುರದವನಿಗಿಂತ ಭಾರದವನು ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚು ತೂಗಬಾರದು. ಒಬ್ಬನೇ ಉಸ್ತಾದನ ಶಿಷ್ಯರು ಮೊದಲ ಸುತ್ತಲ್ಲೇ ಎದುರಾಗಬಾರದು. ಗುಂಪಿನಲ್ಲಿ ಒಬ್ಬೊಬ್ಬನೂ ಉಳಿದ ಮೂವರೊಡನೆ ಆಡುತ್ತಾನೆ. ಗೆದ್ದವನೂ ಸೋತವನೂ ಬೆವರಿ ಮನೆಗೆ ಹೋಗುತ್ತಾರೆ, ಕುತ್ತಿಗೆ ನೆಟ್ಟಗಿರುತ್ತದೆ.

ಕುತ್ತಿಗೆಯ ಮಾತು ಅಜ್ಜನ ಎದೆಯಲ್ಲಿ ಮುಳ್ಳಿನಂತೆ ಮುರಿದು ಕೂತಿತ್ತು. ಅವರ ಅಣ್ಣ ಹರೆಯದಲ್ಲಿ ಒಂದು ಕುಸ್ತಿಗೆ ಇಳಿದಿದ್ದ. "ತೂಕ ಏನು ನೋಡ್ತೀರಿ, ಗಂಡೆದೆ ನೋಡಿ," ಎಂದು ಯಾರೋ ಕೂಗಿದರು, ಎಲ್ಲರೂ ನಕ್ಕರು. ಎತ್ತಿ ಒಗೆದವನು ಅಣ್ಣನ ಒಂದೂವರೆಯಷ್ಟಿದ್ದ. ಅಂದಿನಿಂದ ಅಣ್ಣ ಮಂಚದ ಮೇಲೆಯೇ ಇದ್ದ. ಕಣ್ಣು ಆಡುತ್ತಿತ್ತು, ನಾಲಿಗೆ ಆಡುತ್ತಿತ್ತು, ಮತ್ತೇನೂ ಆಡುತ್ತಿರಲಿಲ್ಲ. ಈವತ್ತು ಮನೆ ಬಿಡುವಾಗಲೂ ಅವನದು ಅದೇ ಮಾತು: "ಜೋಡಿ ಸರಿ ನೋಡೋ, ತಮ್ಮಾ. ಗುಬ್ಬೀನೂ ಇಳೀತಾನೆ."

ಗುಬ್ಬಿ ಅಜ್ಜನ ಮೊಮ್ಮಗ. ಮಕ್ಕಳನ್ನು ತೂಗಲು ನಿಂತಿದ್ದ ಸೊಸೆಯ ಮಗ. ಮನೆಯವನೆಂದು ಅವನನ್ನೇ ಮೊದಲು ತೂಗಿದರು. ಮೂವತ್ತಮೂರು ಕಿಲೋ.

ಅರ್ಧ ಸಾಲು ಮುಗಿದಾಗ ಒಂದು ಪುಟ್ಟ ಹುಡುಗ ಚಳಿಗೆ ಅತ್ತುಬಿಟ್ಟ. ಅಜ್ಜ ಬೆನ್ನು ತಿರುಗಿಸಿ ಚೀಟಿ ವಿಂಗಡಿಸುತ್ತಿದ್ದರು. ಸೊಸೆಯ ಕರುಳು ಚುರುಕ್ಕೆಂದಿತು. "ಬಾ ಕಂದಾ, ಇಲ್ಲಿ ಬೆಚ್ಚಗಿದೆ," ಎಂದು ತೂಕದ ಮಿಷನ್ನನ್ನು ಎಳೆದುಕೊಂಡು ಮ್ಯಾಟಿನ ಅಂಚಿಗೆ ಇಟ್ಟಳು. ಉಳಿದವರೆಲ್ಲ ಅಲ್ಲೇ ಹತ್ತಿ ಇಳಿದರು. ಕೊನೆಗೆ ತಡವಾಗಿ ಬಂದವನು ಕಮ್ಮಾರನ ಮಗ. ಗುಬ್ಬಿಯದೇ ವರ್ಷದಲ್ಲಿ ಹುಟ್ಟಿದವನು. ಮೂವತ್ತಾರು ಕಿಲೋ ಎಂದು ಸೊಸೆ ಕೂಗಿದಳು. ಅಜ್ಜ ತಲೆ ಎತ್ತದೆ ಬರೆದುಕೊಂಡರು. ಮೂವತ್ತಮೂರು, ಮೂವತ್ತಾರು: ಲೆಕ್ಕದ ಒಳಗೇ ಇತ್ತು. ಗುಂಪು ಕಟ್ಟಿ, ಹಾಳೆಯನ್ನು ಗೋಡೆಗೆ ಅಂಟಿಸಿದರು.

ಮೊದಲ ಜೋಡಿ ಮ್ಯಾಟಿಗೆ ಇಳಿದಾಗ ಅಜ್ಜ ನೋಡಿದರು. 

ಗುಬ್ಬಿಯ ಕುತ್ತಿಗೆ ಹೂವಿನ ದೇಟಿನಂತಿತ್ತು. ಎದುರಿಗಿದ್ದ ಕಮ್ಮಾರನ ಮಗನ ಭುಜ ಅಪ್ಪನ ಕುಲುಮೆಯ ತಿದಿ ಒತ್ತಿ ಒತ್ತಿ ಅಗಲವಾಗಿತ್ತು. ಇದು ಮೂರು ಕಿಲೋ ಅಂತರವೇ? ಅಜ್ಜ ಗೋಡೆಯ ಹಾಳೆ ಓದಿದರು. ಮತ್ತೆ ಓದಿದರು. ಬರೆದದ್ದು ತಮ್ಮ ಕೈಯೇ. 

ರೆಫರಿಯ ಹತ್ತಿರ ಹೋಗಿ ಪಿಸುಗುಟ್ಟಿದರು: "ಸ್ವಲ್ಪ ತಾಳಪ್ಪಾ. ಇದು ಸರಿ ಕಾಣ್ತಿಲ್ಲ."

"ಏನು ಸರಿ ಇಲ್ಲ ಅಜ್ಜಾ?"

"ಗೊತ್ತಿಲ್ಲ. ಆದ್ರೆ ಸರಿ ಇಲ್ಲ."

ರೆಫರಿ ನಕ್ಕ. "ತೂಗಿದ್ದು ನಿಮ್ಮ ಸೊಸೆ, ಬರೆದದ್ದು ನೀವು, ಇಳಿದಿರೋದು ನಿಮ್ಮ ಮೊಮ್ಮಗ. ಇನ್ಯಾಕೆ ಹೆದರಿಕೆ?" ಎಂದು ಸೀಟಿ ಊದಿಬಿಟ್ಟ.

ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಕಮ್ಮಾರನ ಮಗ ಗುಬ್ಬಿಯ ಸೊಂಟ ಹಿಡಿದಿದ್ದ. ಗುಬ್ಬಿಯ ಕಾಲು ನೆಲ ಬಿಟ್ಟಿತು. ಅಜ್ಜನ ಕಿವಿಯಲ್ಲಿ ಹಳೆಯ ನಗು ಮೊಳಗಿತು. ಆ ಸೊಂಟ, ಆ ಕೈ ನೋಡಲಾರದೆ ಕಣ್ಣು ಪಕ್ಕಕ್ಕೆ ಹೊರಳಿಸಿದರು. ಆಗ ಕಂಡಿತು ತೂಕದ ಮಿಷನ್ನು. ಮೆತ್ತನೆಯ ಮ್ಯಾಟಿನ ಅಂಚಿನಲ್ಲಿ, ಒಂದು ಮಗ್ಗುಲು ತಗ್ಗಿ, ಹಾಸಿಗೆಯ ಮೇಲಿನ ಬೆಕ್ಕಿನಂತೆ ಕೂತಿತ್ತು.

ಗಟ್ಟಿ ನೆಲದ ಮೇಲೆ ನಿಂತರೆ ಅದು ನಿಜ ಹೇಳುತ್ತದೆ. ಮೆತ್ತಗಿದ್ದರೆ ಹುದುಗುತ್ತದೆ, ಕಡಿಮೆ ತೋರಿಸುತ್ತದೆ. ಹತ್ತಿದವನು ಭಾರವಿದ್ದಷ್ಟೂ ಹೆಚ್ಚು ಹುದುಗುತ್ತದೆ.

"ನಿಲ್ಸೀ!" ಅಜ್ಜನ ದನಿ ಅವರಿಗೇ ಗುರುತಾಗಲಿಲ್ಲ. ಚಪ್ಪಲಿ ಕಾಲಲ್ಲೇ ಮ್ಯಾಟಿಗೆ ನುಗ್ಗಿದರು. "ಒಗೀಬೇಡ ಮಗಾ! ಇಳಿಸೋ, ಮೆಲ್ಲಗೆ ಇಳಿಸೋ!"

ಹುಡುಗ ಗುಬ್ಬಿಯನ್ನು ಗಾಳಿಯಲ್ಲಿ ಹಿಡಿದೇ ನಿಂತಿದ್ದ. ಅಜ್ಜನನ್ನು ನೋಡಿ, ತುಂಬಿದ ಕೊಡ ಇಳಿಸುವಂತೆ ಇಳಿಸಿದ.

ಹಾಲಿನಲ್ಲಿ ಗಲಾಟೆ ಎದ್ದಿತು. ಕಮ್ಮಾರ ಮುಷ್ಟಿ ಬಿಗಿದು ಬಂದ. "ಏನಜ್ಜಾ ಇದು? ನಿಮ್ಮ ಮೊಮ್ಮಗ ಸೋಲ್ತಾನೆ ಅಂದ ಕೂಡ್ಲೇ ಕುಸ್ತಿ ನಿಲ್ಸೋದಾ? ಬೇಲೀನೇ ಎದ್ದು ಹೊಲ ಮೇಯೋದು ಅಂದ್ರೆ ಇದೇ!"

ಅಜ್ಜ ಮ್ಯಾಟಿನ ಅಂಚಿಗೆ ನಡೆದರು. ಮಿಷನ್ನನ್ನು ತಾವೇ ಎತ್ತಿ ಸಿಮೆಂಟಿನ ಮೇಲಿಟ್ಟರು.  "ಹತ್ತು ಮಗಾ," ಎಂದರು.

ನಲವತ್ತೊಂದು.

ಮ್ಯಾಟಿನ ಮೇಲೆ ಹತ್ತಿಸಿದರು. ಮೂವತ್ತಾರು. ಮತ್ತೆ ಸಿಮೆಂಟು. ನಲವತ್ತೊಂದು.

ಸೊಸೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಮಾವಾ, ನಾನೇ... ಮಕ್ಕಳ ಕಾಲು ಕೊರೆಯುತ್ತೆ ಅಂತ..."

"ಆಯ್ತು ಬಿಡವ್ವಾ. ಬೆನ್ನು ತಿರುಗಿಸಿ ಕೂತಿದ್ದು ನಾನು. ಮ್ಯಾಟಿನ ಮೇಲೆ ತೂಗಿದವರನ್ನೆಲ್ಲ ಮತ್ತೆ ಕರಿ."

ಗೋಡೆಯ ಹಾಳೆ ಹರಿದರು. ಚೀಟಿಗಳು ಮತ್ತೆ ಮೇಜಿಗೆ ಬಂದವು. ಒಬ್ಬ ಎರಡು ಕಿಲೋ ಏರಿದ್ದ, ಇನ್ನೊಬ್ಬ ನಾಲ್ಕು. ಎಲ್ಲ ಗುಂಪುಗಳೂ ಒಡೆದು ಬೇರೆ ಕೂಡಿದವು. ಆದರೆ ಕಮ್ಮಾರನ ಮಗನ ಚೀಟಿ ಎಲ್ಲೂ ಕೂರಲಿಲ್ಲ. ಅವನ ವರ್ಷದಲ್ಲಿ ಅವನ ಕೆಳಗಿನವನು ಮೂವತ್ತಾರು, ಮೇಲಿನವನು ನಲವತ್ತೇಳು. ನಲವತ್ತೆರಡರವನು ಒಬ್ಬ ಇದ್ದ, ಅವನಿಗೆ ಮೂರು ವರ್ಷ ಹೆಚ್ಚು, ಮೀಸೆ ಚಿಗುರಿತ್ತು.

"ಆ ದೊಡ್ಡವನ ಮೇಲೇ ಬಿಡಿ," ಎಂದ ಕಮ್ಮಾರ. ದನಿಯಲ್ಲಿ ಈಗ ಸಿಟ್ಟಿರಲಿಲ್ಲ, ಬೇಡಿಕೆ ಇತ್ತು. "ಒಂದೇ ಕಿಲೋ ತಾನೇ ಅಜ್ಜಾ? ವರ್ಷವಿಡೀ ಕಾದಿದ್ದಾನೆ ಇವತ್ತಿಗೆ."

ತೂಕ ಹೊಂದುತ್ತಿತ್ತು. ಹೂಂ ಎಂದರೆ ಎಲ್ಲರ ಬಾಯಿಯೂ ಮುಚ್ಚುತ್ತಿತ್ತು. ಅಜ್ಜ ಆ ಹುಡುಗನ ಕುತ್ತಿಗೆ ನೋಡಿದರು. ಇದೂ ಎಳೆಯದೇ. 

"ಮೂಳೆಗೂ ವಯಸ್ಸಿದೆಯಪ್ಪಾ. ನನಗೆ ಧೈರ್ಯ ಇಲ್ಲ."

"ನಿಮ್ಮ ಮೊಮ್ಮಗನಿಗೆ ಜೋಡಿ ಸಿಕ್ತು. ನನ್ನ ಮಗನಿಗೆ?"

"ಇವತ್ತು ಇಲ್ಲ."

ಕಮ್ಮಾರ ಮಗನ ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲಿಗೆ ನಡೆದ. ಹುಡುಗ ಮಾತ್ರ ಮೇಜಿನ ಹತ್ತಿರ ನಿಂತ. 

"ಎತ್ತಿದಾಗಲೇ ಗೊತ್ತಾಯ್ತು ಅಜ್ಜಾ. ಏನೂ ಭಾರ ಇರ್ಲಿಲ್ಲ ಅವನು. ಹೆಂಗೆ ಕೆಳಗೆ ಬಿಡೋದು ಅಂತ ಭಯ ಆಯ್ತು."

 ಅಜ್ಜ ಅವನ ತಲೆಯ ಮೇಲೆ ಕೈಯಿಟ್ಟರು. 

ಹೊರಗಿನಿಂದ ಅಪ್ಪ ಕರೆದ. ಉಳಿದವರೆಲ್ಲ ಸಂಜೆಯ ತನಕ ಆಡಿದರು. ಕಮ್ಮಾರನೂ ಮಗನೂ ಮಾತ್ರ ಆ ಭಾನುವಾರ ಮಧ್ಯಾಹ್ನಕ್ಕೆ ಮುಂಚೆಯೇ ಹೊರಟುಹೋದರು.