ಹುಳ ತಿಂದ ಅಕ್ಷರ

ಸಂಘಮಿತ್ರಾಳಿಗೆ ಹೆದರಿಕೆ ಅಂದರೇನು ಎಂದು ಗೊತ್ತಿರಲಿಲ್ಲ ಎಂದರೆ ಸುಳ್ಳಾದೀತು. ಆದರೆ ಒಂದು ಅಕ್ಷರಕ್ಕೆ ಹೆದರಿದ್ದು ಇದೇ ಮೊದಲು. ಸಿಂದಗಿಯ ಹೈಸ್ಕೂಲಿನಲ್ಲಿ ಹದಿನೆಂಟು ವರ್ಷ ಗಣಿತ ಕಲಿಸಿದವಳು, ಈಗ ಒಂದು ಜೆರಾಕ್ಸ್ ಕಾಗದವನ್ನು ಮತ್ತೆ ಮತ್ತೆ ಬೆಳಕಿಗೆ ಹಿಡಿದು ನೋಡುತ್ತಿದ್ದಳು.

ಸಂಗತಿ ಇಷ್ಟು. ದೇವಣಗಾಂವದಲ್ಲಿ ಅವರ ಓಣಿಯ ಹನ್ನೆರಡು ಮನೆಗಳು ನಿಂತದ್ದು ಒಂದು ಹಳೆಯ ಹುಕುಮಿನ ಮೇಲೆ. ಸಿಂದಗಿಯ ಮಾಮಲೇದಾರ, ಅಂದರೆ ಇಂದಿನ ತಹಶೀಲ್ದಾರ, ಅಮೀರ ಬಾಬುಲಾಲ ಎಂಬುವರು ೧೯೩೧ರ ನವೆಂಬರ್ ಹದಿನಾಲ್ಕರಂದು ಆ ಜಾಗವನ್ನು ಮನೆ ಕಟ್ಟಲು ಕೊಟ್ಟು ಸಹಿ ಮಾಡಿದ್ದರು. ಪಕ್ಕದ ಹೊಲದ ಶ್ರೀಶೈಲಪ್ಪನಿಗೆ ಈಗ ಆ ಜಾಗ ತನ್ನದೆಂದು ಕನಸು ಬಿದ್ದಿತ್ತು. ಕನಸಿಗೆ ವಕೀಲರೂ ಸಿಕ್ಕಿದ್ದರು. ಅವರು ಹಳೆಯ ಮುಂಬಯಿ ಸರಕಾರದ ಗೆಜೆಟ್ ತೆಗೆದು, ನವೆಂಬರ್ ಐದಕ್ಕೇ ಆ ಮಾಮಲೇದಾರರನ್ನು ಮುದ್ದೇಬಿಹಾಳಕ್ಕೆ ವರ್ಗ ಮಾಡಿದ್ದನ್ನು ಇಂಡಿಯ ಉಪವಿಭಾಗಾಧಿಕಾರಿಗಳ ಮುಂದಿಟ್ಟರು. ವರ್ಗವಾದವನು ಒಂಬತ್ತು ದಿನದ ಮೇಲೆ ಸಹಿ ಹಾಕುವುದು ಹೇಗೆ? ಹುಕುಮು ಖೊಟ್ಟಿ, ಜಾಗ ಖಾಲಿಯಾಗಲಿ ಎಂದು ಅವರ ವಾದ.

ಸಂಘಮಿತ್ರಾಳ ತಾಯಿ ಹನಮವ್ವ ಅಂದಿನಿಂದ ಉಣ್ಣುವುದನ್ನೇ ಕಡಿಮೆ ಮಾಡಿದಳು. ರಸ್ತೆಯಲ್ಲಿ ಜೆಸಿಬಿ ಸದ್ದು ಕೇಳಿದರೆ ಸಾಕು, ಎದ್ದು ಬಾಗಿಲಿಗೆ ಬರುವಳು.

ಸಂಘಮಿತ್ರಾ ಸುಮ್ಮನೆ ಕೂರಲಿಲ್ಲ. ವರ್ಗದ ಹುಕುಮು ಬೇರೆ, ಚಾರ್ಜ್ ಬಿಡುವುದು ಬೇರೆ ಎಂಬುದು ಸರಕಾರಿ ನೌಕರಿಯಲ್ಲಿದ್ದ ಅವಳಿಗೆ ಗೊತ್ತಿತ್ತು. ಆರ್ಡರ್ ಬಂದರೂ ಹೊಸಬ ಬರುವತನಕ ಹಳಬ ಕುರ್ಚಿ ಬಿಡುವಂತಿಲ್ಲ. ವಿಜಯಪುರದ ದಾಖಲೆ ಕೋಣೆಗೆ ಅರ್ಜಿ ಕೊಟ್ಟು, ಧೂಳು ಕುಡಿದು, ಡಿಸೆಂಬರಿನ ಗೆಜೆಟ್ಟಿನಲ್ಲಿ ಆ ಸಾಲನ್ನು ಹಿಡಿದಳು: ಅಮೀರ ಬಾಬುಲಾಲರು ಸಿಂದಗಿಯ ಚಾರ್ಜ್ ಬಿಟ್ಟುಕೊಟ್ಟದ್ದು ನವೆಂಬರ್ ಹದಿನಾಲ್ಕು. ಅದೇ ದಿನ! ಮುಂದೆ ಎರಡು ಇಂಗ್ಲಿಷ್ ಅಕ್ಷರ. ಎರಡನೆಯದು ‘ಎನ್’. ಮೊದಲನೆಯದಿದ್ದಲ್ಲಿ ಹುಳ ತಿಂದ ತೂತು.

ಹೊಸ ಮಾಮಲೇದಾರರ ಹೆಸರಿನ ಅಕ್ಷರಗಳಿರಬೇಕೆಂದು ಜಾಣೆ ಎಂಟು ದಿನ ಅವರ ಹೆಸರನ್ನೇ ಹುಡುಕಿದಳು. ಕೊನೆಗೆ ಬೇರೆ ಪುಟಗಳನ್ನು ನೋಡಿದಾಗ ತಿಳಿಯಿತು. ‘ಎಫ್. ಎನ್.’ ಎಂದರೆ ಮಧ್ಯಾಹ್ನಕ್ಕೆ ಮೊದಲು, ‘ಎ. ಎನ್.’ ಎಂದರೆ ಮಧ್ಯಾಹ್ನದ ನಂತರ. ಸಂಜೆ ಚಾರ್ಜ್ ಬಿಟ್ಟಿದ್ದರೆ ಹುಕುಮು ಖರೆ. ಮುಂಜಾನೆಯೇ ಬಿಟ್ಟಿದ್ದರೆ, ಅಂದು ಸಹಿ ಹಾಕಿದವರು ಮಾಮಲೇದಾರರಲ್ಲ, ಬರೀ ಅಮೀರ ಬಾಬುಲಾಲರು. ಹನ್ನೆರಡು ಮನೆ ಹೋದಂತೆಯೇ. ಆನೆ ಹೋಗಿ ಬಾಲ ಸಿಕ್ಕಿಕೊಳ್ಳುವುದು ಎಂದರೆ ಇದೇ ಇರಬೇಕು.

ಅದೇ ದಾಖಲೆ ಕೋಣೆಯಲ್ಲಿ ಅಮೀರ ಬಾಬುಲಾಲರ ಸೇವಾ ಪುಸ್ತಕವೂ ಸಿಕ್ಕಿತು. ಇಂಡಿಯಲ್ಲಿ ಅವಲ್ ಕಾರಕೂನರು, ಅಂದರೆ ಹಿರಿಯ ಗುಮಾಸ್ತರು, ಆಗಿದ್ದು, ೧೯೨೯ರಲ್ಲಿ ಮಾಮಲೇದಾರರಾಗಿ ಬಡ್ತಿ ಹೊಂದಿದಲ್ಲಿಗೆ ಆ ಪುಸ್ತಕ ಮುಗಿದಿತ್ತು; ಗೆಜೆಟ್ಟಿನಲ್ಲಿ ಹೆಸರು ಬರುವ ದೊಡ್ಡ ಅಧಿಕಾರಿಗಳ ಸೇವೆಯ ಲೆಕ್ಕವನ್ನು ಬೇರೆ ಕಡೆ ಇಡುತ್ತಿದ್ದರು. ಆದರೆ ಮೊದಲ ಪುಟದಲ್ಲಿ ಸ್ವಂತ ಊರು ಬಾಗೇವಾಡಿ ಎಂದಿತ್ತು. ಶನಿವಾರ ಸಾಲೆ ಬಿಟ್ಟ ಕೂಡಲೇ ಬಸ್ ಹತ್ತಿದಳು.

ಬಸವನ ಬಾಗೇವಾಡಿಯಲ್ಲಿ ಮಾಮಲೇದಾರರ ಮೊಮ್ಮಗ ಮಹಮ್ಮದಹನೀಫ ಸಿಕ್ಕರು. ಖಜಾನೆಯಲ್ಲಿ ಕೆಲಸ ಮಾಡಿ ನಿವೃತ್ತರಾದ ಮುದುಕರು. ವಿಷಯ ಕೇಳಿ ಅವರ ಮುಖ ಬಿಗಿಯಿತು.

“ನಮ್ಮ ಅಜ್ಜಾರು ಖೊಟ್ಟಿ ಸಹಿ ಮಾಡ್ಯಾರ ಅಂತ ಬರಸಾಕ ಬಂದೀರೇನ್ರಿ?”

“ಇಲ್ರಿ ಕಾಕಾ. ಖರೆ ಮಾಡ್ಯಾರ ಅಂತ ಬರಸಾಕ ಬಂದೇನಿ. ಆದ್ರ ನನಗೂ ಗೊತ್ತಿಲ್ರಿ, ಅಂಜಿಕಿ ಆಗಾಕತ್ತೈತಿ.”

ಮುದುಕರು ಅವಳನ್ನೇ ನೋಡಿದರು. ಸುಳ್ಳು ಹೇಳುವವರು ಅಂಜಿಕೆ ಒಪ್ಪಿಕೊಳ್ಳುವುದಿಲ್ಲ ಎಂದು ಅವರಿಗೆ ಅನಿಸಿರಬೇಕು. ಒಳಗೆ ಹೋಗಿ ಕೆಂಪು ಅರಿವೆಯಲ್ಲಿ ಕಟ್ಟಿದ ದಫ್ತರ ತಂದರು. ಅಜ್ಜನ ಪಿಂಚಣಿ ಕಾಗದಗಳು. ಯಾವ ಊರಿನಲ್ಲಿ ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ನೌಕರಿ, ರಜೆ ಎಷ್ಟು, ಎಲ್ಲವನ್ನೂ ಒಂದು ದಿನವೂ ಬಿಡದೆ ಬರೆದ ತಖ್ತೆ ಅದರಲ್ಲಿತ್ತು. ಒಂದು ದಿನ ಬಿಟ್ಟರೂ ಪಿಂಚಣಿಗೆ ತಕರಾರು ಬರುತ್ತಿತ್ತು.

‘ಸಿಂದಗಿ: ೧೪ ನವೆಂಬರ್ ೧೯೩೧ರವರೆಗೆ.’ ಅಷ್ಟೇ. ಮುಂಜಾನೆಯೋ ಸಂಜೆಯೋ ಎಂದು ಹೇಳುವ ಅಕ್ಷರವೇ ಇಲ್ಲ.

ಕೆಳಗಿನ ಸಾಲನ್ನು ಮಹಮ್ಮದಹನೀಫರು ಅಂಗೈಯಿಂದ ಮುಚ್ಚಿದರು.

“ತಡೀರಿ, ಮೊದಲ ಕಾಯದೆ ಕೇಳ್ರಿ. ಒಂದ ಊರಿಂದ ಇನ್ನೊಂದ ಊರಿಗೆ ಹೋಗಿ ಹಾಜರಾಗಾಕ ಪ್ರವಾಸದ ದಿನಾ ಅಂತ ಕೊಡ್ತಿದ್ರು. ಮುಂಜಾನಿ ಚಾರ್ಜ್ ಬಿಟ್ರ ಆ ಲೆಕ್ಕ ಅವತ್ತಿನಿಂದನ ಚಾಲೂ. ಮಧ್ಯಾಹ್ನದ ಮ್ಯಾಲ ಬಿಟ್ರ ಮರುದಿನದಿಂದ ಚಾಲೂ. ತಿಳೀತ್ರಿ?”

ತಿಳಿಯಿತು. ತಿಳಿದದ್ದಕ್ಕೇ ಕೈ ತೆಗೆಯಿರಿ ಎನ್ನಲು ಬಾಯಿ ಬರಲಿಲ್ಲ. ಆ ಅಂಗೈ ಅಡಿಯಲ್ಲಿ ಹದಿನಾಲ್ಕು ಇದ್ದರೆ ಅವ್ವನಿಗೆ ಏನು ಹೇಳುವುದು? ಮುದುಕರು ಕಾಯದೆ ಬಲ್ಲವರಾದರೂ ಈ ಸಾಲನ್ನು ಎಂದೂ ಈ ಕಣ್ಣಿನಿಂದ ನೋಡಿರಲಿಲ್ಲ. ಮನೆ ಅವಳದು, ಮಾನ ಅವರದು. ಕೊನೆಗೆ ಅವರೇ ಕೈ ತೆಗೆದರು.

‘ಪ್ರವಾಸ: ೧೫ ನವೆಂಬರಿನಿಂದ ೨೦ರವರೆಗೆ. ಮುದ್ದೇಬಿಹಾಳ: ೨೧ರಿಂದ.’

ಹದಿನೈದರಿಂದ! ಅಂದರೆ ಚಾರ್ಜ್ ಬಿಟ್ಟದ್ದು ಮಧ್ಯಾಹ್ನದ ನಂತರವೇ. ಸಂಘಮಿತ್ರಾ ಅತ್ತುಬಿಟ್ಟಳು. ಮೊಬೈಲಿನಲ್ಲಿ ಫೋಟೊ ತೆಗೆಯಹೋದರೆ ಮುದುಕರು ತಡೆದರು. “ಫೋಟೊಕ್ಕೂ ತಕರಾರ ಮಾಡ್ತಾರ. ಅಸಲ ನಾನ ತರ್ತೇನಿ, ಇಂಡಿಗೆ.”

ವಿಚಾರಣೆಯ ದಿನ ಅವ್ವ, ಮಗಳು, ಮಹಮ್ಮದಹನೀಫರು ಮೂವರೂ ಹತ್ತಕ್ಕೇ ಇಂಡಿಯ ಕಚೇರಿಯಲ್ಲಿದ್ದರು. ಗುಮಾಸ್ತೆ ಸುವರ್ಣಾ ಫೈಲು ಕಟ್ಟುತ್ತ ಹೇಳಿದಳು, “ಲಗೂ ಮುಗದ್ರ ಚಲೋರಿ. ಸಾಹೇಬ್ರಿಗೆ ವರ್ಗ ಆಗೇತಿ. ಇವತ್ತ ಮಧ್ಯಾಹ್ನದ ಮ್ಯಾಲ, ಮೂರಕ್ಕ, ಚಾರ್ಜ್ ಕೊಡ್ತಾರ.”

ಕಳೆದುಹೋಗಿದ್ದ ಅಂಜಿಕೆ ಬಡ್ಡಿ ಸಮೇತ ತಿರುಗಿ ಬಂತು. ಹೊಸಬರು ಬಂದರೆ ಮತ್ತೆ ಮೊದಲಿನಿಂದ ಶುರು. ಹನ್ನೊಂದಾಯಿತು, ಹನ್ನೆರಡಾಯಿತು. ಯಾರ ಯಾರದೋ ಹೆಸರು ಕೂಗುತ್ತಿದ್ದರು. ಹನಮವ್ವ ಮನೆಯ ಕೀಲಿಕೈಯನ್ನು ಸೆರಗಿನಲ್ಲಿ ಕಟ್ಟಿ ಹಿಡಿದುಕೊಂಡೇ ಕೂತಿದ್ದಳು. ಹನ್ನೆರಡೂವರೆಗೆ ಇವರ ಕರೆ ಬಂತು.

ಶ್ರೀಶೈಲಪ್ಪನ ವಕೀಲರು ತೂತಿನ ಕಾಗದ ಎತ್ತಿ ತೋರಿಸಿ, ಆ ಅಕ್ಷರ ‘ಎಫ್’ ಎಂದೇ ಸಾಧಿಸಿದರು. ಸಂಘಮಿತ್ರಾ ದಫ್ತರ ಬಿಚ್ಚಿಟ್ಟು, ಸಾಲೆಯಲ್ಲಿ ಲೆಕ್ಕ ಬಿಡಿಸುವಂತೆ ಒಂದೊಂದೇ ತಾರೀಖು ಹೇಳಿದಳು. ಸಾಹೇಬರು ಕಾಗದವನ್ನು ಎರಡು ಸಲ ಓದಿದರು.

“ವಕೀಲರೇ, ಬೆಳಿಗ್ಗೆಯೇ ಚಾರ್ಜ್ ಬಿಟ್ಟಿದ್ದರೆ ಪ್ರಯಾಣ ಹದಿನಾಲ್ಕರಿಂದ ಇರಬೇಕಿತ್ತಲ್ಲ?”

ವಕೀಲರು ತಮ್ಮ ಕಾಗದ ತಿರುವಿದರು. ಶ್ರೀಶೈಲಪ್ಪ ಫ್ಯಾನು ನೋಡುತ್ತ ನಿಂತ.

ತಕರಾರು ವಜಾ ಎಂದು ಸಾಹೇಬರು ಬರೆದರು, ಸಹಿ ಮಾಡಿದರು, ತಾರೀಖು ಹಾಕಿ ಪೆನ್ನು ಮುಚ್ಚಹೋದರು. ಆಗ ಹನಮವ್ವ ಎದ್ದು ಮೇಜಿನ ಹತ್ತಿರ ಬಂದಳು.

“ಸಾಹೇಬ್ರ, ತಪ್ಪ ತಿಳೀಬ್ಯಾಡ್ರಿ. ನಿಮಗ ಇವತ್ತ ವರ್ಗ ಐತಂತಲ್ರಿ?”

“ಹೌದಮ್ಮ.”

“ಹಂಗಾದ್ರ ಎಷ್ಟ ಗಂಟೇಕ ಸಹಿ ಮಾಡೀರಿ ಅಂತನೂ ಬರೀರಿ. ನನ್ನ ಮಮ್ಮಕ್ಕಳು ಮತ್ತ ಬಾಗೇವಾಡಿಗೆ ಅಲದಾಡೂದ ಬ್ಯಾಡ.”

ಸಾಹೇಬರು ಗೋಡೆಯ ಗಡಿಯಾರ ನೋಡಿ, ಪೆನ್ನು ತೆರೆದು, ಸಹಿಯ ಕೆಳಗೆ ‘12-50’ ಎಂದು ಬರೆದರು. ಹನಮವ್ವನಿಗೆ ಓದು ಬಾರದು, ಆದರೆ ಬರೆದದ್ದು ಬಹಳ ಚಿಕ್ಕದೆಂದು ಕಂಡಿತು.

“ಉದ್ದಕ ಬರೀರಿ, ಯಪ್ಪಾ,” ಅಂದಳು. “ಇಷ್ಟ ಸಣ್ಣದಾದ್ರ ಹುಳ ಒಂದ ತುತ್ತಿಗೆ ತಿಂತೈತಿ.”