ಮಾವನಿಗೊಂದು ರಜಾ ಅರ್ಜಿ

ಸೋದರಮಾವನ ಕೈಕೆಳಗೆ ಕೆಲಸ ಕಲಿಯುವವನಷ್ಟು ಪುಣ್ಯವಂತ ಇನ್ನೊಬ್ಬನಿಲ್ಲ ಎಂದು ಸಿಂಧಘಟ್ಟದ ಜನ ಮಾತಾಡಿಕೊಂಡರು. ಜನ ಹಾಗೆಯೇ. ಅನುಭವಿಸುವವನು ಬೇರೆಯವನಾದರೆ ಪುಣ್ಯವನ್ನು ಧಾರಾಳವಾಗಿ ಹಂಚುತ್ತಾರೆ.

ಆ ಊರಿನ ಚಿಕ್ಕಸ್ವಾಮಿ ಪಾಲಿಟೆಕ್ನಿಕ್ಕಿನ ಕೊನೇ ವರ್ಷದ ಹುಡುಗ. ಆರು ತಿಂಗಳು ಯಾವುದಾದರೂ ಕಾರ್ಖಾನೆಯಲ್ಲಿ ತಪ್ಪದೆ ತರಬೇತಿ ಮುಗಿಸಿ ಸರ್ಟಿಫಿಕೇಟು ತಂದರೇ ಕಾಲೇಜಿನವರು ಡಿಪ್ಲೊಮಾ ಕೊಡುವುದು. ಪಾಂಡವಪುರದ ದಾರಿಯಲ್ಲಿದ್ದ ನಿಮಿಷಾಂಬ ಸಕ್ಕರೆ ಕಾರ್ಖಾನೆಯಲ್ಲಿ ಅವನ ತಾಯಿಯ ತಮ್ಮ ಸೋಮಯ್ಯ ಫೋರ್‌ಮನ್ ಆಗಿದ್ದ. ಕಬ್ಬು ಅರೆಯುವ ಮಿಲ್ಲು ಅವನ ಸುಪರ್ದಿನಲ್ಲಿತ್ತು, ತರಬೇತಿಗೆ ಬಂದ ಕಾಲೇಜು ಹುಡುಗರೂ ಅವನ ಸುಪರ್ದಿನಲ್ಲಿದ್ದರು. ಚಿಕ್ಕಸ್ವಾಮಿಗೆ ಮಾವನ ಕ್ವಾರ್ಟರ್ಸಿನಲ್ಲೇ ಊಟ, ನಿದ್ದೆ. ಮಿಲ್ಲಿನಲ್ಲಿ ಬೇರಿಂಗು ಕಾದಿದೆಯೇ ಎಂದು ಮುಟ್ಟಿ ನೋಡುವುದು, ಗ್ರೀಸು ತುಂಬುವುದು, ಮಾವನಿಂದ ಎಲ್ಲರಿಗಿಂತ ಒಂದು ಬೈಗುಳ ಹೆಚ್ಚು ತಿನ್ನುವುದು ಅವನ ದಿನಚರಿ. ತನ್ನವನೆಂದು ಸಲಿಗೆ ಕೊಟ್ಟ ಎಂದು ಯಾರೂ ಆಡಬಾರದಲ್ಲ, ಅದಕ್ಕೆ ಆ ಹೆಚ್ಚಿನ ಬೈಗುಳ.

ನಾಲ್ಕು ತಿಂಗಳು ಹೀಗೆ ಕಳೆದ ಮೇಲೆ ಏಪ್ರಿಲ್ ಬಂತು. ಹಿಂದಿನ ವರ್ಷ ಫೇಲಾಗಿ ಉಳಿಸಿಕೊಂಡಿದ್ದ ಎರಡು ಪೇಪರಿಗೆ ಮೈಸೂರಿನಲ್ಲಿ ಪರೀಕ್ಷೆ. ಒಂದಕ್ಕೂ ಇನ್ನೊಂದಕ್ಕೂ ನಡುವೆ ಬಿಡುವಿತ್ತು, ಎಲ್ಲ ಸೇರಿ ಹತ್ತು ದಿನ ರಜೆ ಬೇಕಿತ್ತು. ಅದೇ ಕಾಲೇಜಿನ ನಾಗರಾಜು ಎಂಬ ಹುಡುಗನೂ ಅಲ್ಲೇ ತರಬೇತಿಗಿದ್ದ, ಅವನಿಗೂ ಅದೇ ಪರೀಕ್ಷೆ. ಇಬ್ಬರೂ ಕ್ಯಾಂಟೀನಿನಲ್ಲಿ ಕೂತು ಅರ್ಜಿ ಬರೆದು, ಹಾಲ್ ಟಿಕೆಟ್ಟಿನ ನಕಲು ಲಗತ್ತಿಸಿ ಸೋಮಯ್ಯನ ಮುಂದೆ ನಿಂತರು. ಫೋರ್‌ಮನ್ ರುಜು ಹಾಕಿ ಮೇಲೆ ಕಳಿಸಬೇಕು, ಚೀಫ್ ಎಂಜಿನಿಯರು ಮಂಜೂರು ಮಾಡಬೇಕು, ಆಮೇಲೆ ಟೈಮ್ ಆಫೀಸಿನಲ್ಲಿ ರಜೆ ಎಂದು ಗುರುತಾಗುತ್ತದೆ. ಗುರುತಿಲ್ಲದೆ ವಾರ ಮೀರಿ ಗೈರಾದ ಟ್ರೈನಿಯ ಹೆಸರನ್ನು ಹೊಡೆದುಹಾಕುತ್ತಾರೆ.

ಸೋಮಯ್ಯ ಮೊದಲು ನಾಗರಾಜುವಿನ ಜನ್ಮ ಜಾಲಾಡಿದ. "ಕಬ್ಬಿನ್ ಗಾಡಿಗಳು ರೋಡಿನ್ ಗಂಟ ನಿಂತವೆ. ಈಗ್ಲೇ ಬೇಕಾಗಿತ್ತೇನ್ಲಾ ನಿನ್ ಪರೀಕ್ಷೆ? ಓದ್ವರ್ಸ ಕತ್ತೆ ಮೇಯಿಸ್ತಿದ್ಯಾ?" ಎಂದ. ಅಷ್ಟೆಲ್ಲ ಬೈದು ರುಜು ಗೀಚಿ ಬಿಸಾಕಿದ. ನಾಗರಾಜು ಅದನ್ನು ಎತ್ತಿಕೊಂಡು ಓಡಿದ.

ಚಿಕ್ಕಸ್ವಾಮಿ ತನ್ನ ಅರ್ಜಿ ಚಾಚಿದಾಗ ಮಾವನ ಮುಖ ಸಣ್ಣದಾಯಿತು.

"ನಂಗೆ ಅರ್ಜಿ ಕೊಡ್ತೀಯೇನ್ಲಾ?"

"ರೂಲ್ಸು ಅಂಗೈತೆ, ಮಾವ."

"ನನ್ ಮನೇಲಿ ಉಂಡು, ನನ್ ಜಗಲೀಲಿ ಮಲ್ಗಿ, ನಂಗೆ ಮಾನ್ಯರೇ ಅಂತ ಬರ್ದಿದ್ದೀಯ. ನಿಮ್ಮವ್ವಂಗೆ ಏಳ್ಬೇಕು ಇದ್ನ. ಮಡೀಕಳ್ಲಾ ಅದ್ನ. ಒಂದೇ ದಿನ ಇಬ್ರು ಟ್ರೈನಿ ರಜ ಅಂತ ಬರ್ದು ಕಳಿಸಿದ್ರೆ, ಅದ್ರಲ್ಲಿ ಒಬ್ಬ ಅಕ್ಕನ ಮಗ ಅಂದ್ರೆ ಸಾಹೇಬ್ರು ನನ್ನೇನಂತಾರೆ? ನೀನು ಓಗ್ಬಾ, ಚೆನ್ನಾಗಿ ಬರಿ. ಟೈಮ್ ಆಫೀಸಿಗೆ ನಾನು ಏಳ್ಕತೀನಿ."

ಆ ಭಾನುವಾರ ಊರಿಗೆ ಹೋದಾಗ ತಾಯಿ ಚಿಕ್ಕಬೋರಮ್ಮನಿಗೂ ಸುದ್ದಿ ಮುಟ್ಟಿತ್ತು. "ಸೋದರಮಾವಂಗೆ ಯಾರಾದ್ರೂ ಕಾಗ್ದ ಕೊಡ್ತಾರೇನ್ಲಾ? ನಾಳೆ ನಂಗೂ ಅನ್ನ ಇಕ್ಕವ್ವ ಅಂತ ಅರ್ಜಿ ಕೊಡ್ತೀಯ" ಎಂದು ಮುಖ ತಿರುಗಿಸಿದಳು. ಗಂಡ ಸತ್ತ ಮೇಲೆ ಹಬ್ಬಕ್ಕೆ ಸೀರೆ ತರುತ್ತಿದ್ದವನು ಆ ತಮ್ಮನೊಬ್ಬನೇ. ಚಿಕ್ಕಸ್ವಾಮಿಗೆ ನಿಜವಾಗಿ ನಾಚಿಕೆಯಾಯಿತು. ಅರ್ಜಿ ಹರಿದು ಒಲೆಗೆ ಹಾಕಿದ. ನಮ್ಮಲ್ಲಿ ಬುದ್ಧಿವಂತರೂ ಹೀಗೆಯೇ ಕೆಡುತ್ತಾರೆ, ನೆಂಟಸ್ತಿಕೆಗೆ ಸಾಕ್ಷಿ ಕೇಳುವುದು ಅವಮಾನವೆಂದು ತಿಳಿದು.

ಪರೀಕ್ಷೆ ಚೆನ್ನಾಗಿಯೇ ಆಯಿತು. ಎರಡನೇ ಪೇಪರು ಬರೆದು ಹೊರಗೆ ಬಂದಾಗ ಪಾಸಾಗುತ್ತೇನೆಂಬುದು ಅವನಿಗೆ ಖಾತ್ರಿಯಿತ್ತು. ನಾಗರಾಜುವೂ ಅವನೂ ಒಂದೇ ರೈಲಿನಲ್ಲಿ ನಗುತ್ತ ಬಂದರು.

ಕಾರ್ಖಾನೆಯ ಗೇಟಿನಲ್ಲಿ ವಾಚ್‌ಮನ್ ದ್ಯಾವಯ್ಯ ನಾಗರಾಜುವನ್ನು ಬಿಟ್ಟು ಚಿಕ್ಕಸ್ವಾಮಿಗೆ ಕೋಲು ಅಡ್ಡ ಹಿಡಿದ. "ನಿನ್ ಎಸ್ರು ವಡ್ದಾಕವ್ರೆ ಕಣಪ್ಪ" ಎಂದ, ಪಾಪ, ತಾನೇ ತಪ್ಪು ಮಾಡಿದವನಂತೆ.

ನಡೆದದ್ದು ಇಷ್ಟು. ಅವನು ಹೋದ ಮೂರನೇ ದಿನ ಮಿಲ್ಲಿನ ಒಂದು ಬೇರಿಂಗು ಕಾದು ಸುಟ್ಟು, ಅರೆಯುವುದು ನಿಂತಿತು. ಚೀಫ್ ಎಂಜಿನಿಯರು ಉರಿಯುತ್ತ ಬಂದು, ಅಲ್ಲಿ ನೋಡಿಕೊಳ್ಳಬೇಕಾದ ಟ್ರೈನಿ ಎಲ್ಲಿ ಎಂದು ಕೇಳಿದರು. ಕಳಿಸಿದ್ದು ನಾನೇ, ಅವನ ಜಾಗಕ್ಕೆ ಇನ್ನೊಬ್ಬನನ್ನು ಹಾಕದೆ ಬಿಟ್ಟವನೂ ನಾನೇ ಎಂದು ಸೋಮಯ್ಯ ಹೇಳಬೇಕಿತ್ತು. ಹೇಳಲಿಲ್ಲ. "ಏಳ್ದೆ ಕೇಳ್ದೆ ಒಂಟೋಗವ್ನೆ, ಸಾರ್" ಎಂದ. ವಾರ ಕಳೆಯಿತು, ಹೆಸರು ಹೋಯಿತು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಚಿಕ್ಕಸ್ವಾಮಿ ಗೇಟಿನಲ್ಲೇ ಹಟ ಹಿಡಿದು ನಿಂತು ಚೀಫ್ ಎಂಜಿನಿಯರನ್ನು ಕಂಡ. ಅವರು ಕೆಟ್ಟವರೇನಲ್ಲ, ಸೋಮಯ್ಯನನ್ನೂ ಕರೆಸಿದರು.

"ಯಾರಪ್ಪಾ ನಿನಗೆ ರಜೆ ಕೊಟ್ಟದ್ದು?"

"ಇವರೇ ಸಾರ್. ನಮ್ಮ ಮಾವ. ಬಾಯಲ್ಲಿ ಹೇಳಿದ್ರು."

"ನಾಗರಾಜು ಅನ್ನೋನ ಅರ್ಜಿಗೆ ನಾನೇ ರುಜು ಹಾಕಿದೀನಿ. ನಿನ್ನದು ಬಂದಿದ್ರೆ ಅದಕ್ಕೂ ಹಾಕ್ತಿದ್ದೆ. ಯಾಕೆ ಕೊಡಲಿಲ್ಲ?"

ಚಿಕ್ಕಸ್ವಾಮಿ ಮಾವನ ಮುಖ ನೋಡಿದ. ಒಂದು ಮಾತು, ಒಂದೇ ಮಾತು ಸಾಕಾಗಿತ್ತು. ಸೋಮಯ್ಯ ಕಿಟಕಿಯಾಚೆ ಕಬ್ಬಿನ ಗಾಡಿಗಳನ್ನು ನೋಡುತ್ತ, "ನಮ್ಮುಡ್ಗ ಅಂತ ಸುಳ್ಳೇಳಕ್ಕಾಯ್ತದಾ ಸಾರ್" ಎಂದ. ಸಾಹೇಬರು ಫೋರ್‌ಮನ್ನನ ನಿಯತ್ತನ್ನು ಮೆಚ್ಚಿದಂತೆ ತಲೆದೂಗಿದರು. ಪೂರಾ ಮುಗಿಯದ ತರಬೇತಿಗೆ ಸರ್ಟಿಫಿಕೇಟು ಬರುವುದಿಲ್ಲ, ಕಾಲೇಜಿನವರು ಇನ್ನು ಹುಡುಗರನ್ನು ಕಳಿಸುವುದು ಮುಂದಿನ ವರ್ಷ. ಪರೀಕ್ಷೆ ಪಾಸಾದರೂ ಡಿಪ್ಲೊಮಾ ಇಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಊರಿಗೆ ಹೋಗಿ ಎಲ್ಲವನ್ನೂ ತಾಯಿಗೆ ಹೇಳಿದ. ಅವಳು ಅತ್ತಳು. ತನಗಾಗಿ ಅಳುತ್ತಿದ್ದಾಳೆಂದು ಅವನು ತಿಳಿದ.

"ಸಾಹೇಬ್ರ ಮುಂದೆ ನಿನ್ ಮಾವನ ಮೇಲೆ ದೂರೇಳ್ದ್ಯಾ?"

"ನಿಜ ಏಳ್ದೆ ಕಣವ್ವ."

"ವರ್ಸ ಓದ್ರೆ ಇನ್ನೊಂದು ವರ್ಸ ಬತ್ತದೆ. ತವರು ಓದ್ರೆ ಎಲ್ಲಿಂದ ತರ್ಲಿ ನಾನು?"

ಮಾರನೆಯ ದಿನವೇ ಒಂದು ಹುಂಜ ಹಿಡಿದುಕೊಂಡು, ಮಗನನ್ನೂ ಕರೆದುಕೊಂಡು ಬಸ್ಸು ಹತ್ತಿದಳು. ಅವನು ಮೊದಲು ಬರುವುದಿಲ್ಲ ಎಂದಿದ್ದ. ಅವಳು ಸೆರಗೊಡ್ಡಿ ನಿಂತಳು. ಹೆತ್ತ ತಾಯಿ ಸೆರಗೊಡ್ಡಿದ ಮೇಲೆ ಗಂಡುಮಗನ ರೋಷಕ್ಕೆ ಎಷ್ಟು ಬೆಲೆ.

ಸೋಮಯ್ಯನ ಮನೆಯಲ್ಲಿ ಹುಂಜದ ಸಾರಾಯಿತು. ಅವನ ಹೆಂಡತಿ ಸರಸಮ್ಮ ಬಿಸಿ ಮುದ್ದೆ ಇಕ್ಕಿದಳು. ಮಧ್ಯಾಹ್ನದ ಊಟಕ್ಕೆ ಮಿಲ್ಲಿನವರಿಬ್ಬರು ಬಂದು ಪಂಕ್ತಿಯಲ್ಲಿ ಕೂತಿದ್ದರು. ಸೋಮಯ್ಯ ಅವರಿಗೆ ಕೇಳುವಂತೆ, "ಉಂಡ್ ಮನೆಗೆ ಎಲ್ಡು ಬಗ್ದ. ಆದ್ರೂ ಅಕ್ಕನ ಮಗ ಅಲ್ವಾ, ಒಟ್ಟೆಗಾಕ್ಕಂಡೆ" ಎಂದ. ಮಿಲ್ಲಿನವರು ದೊಡ್ಡ ಮನಸ್ಸು ಎಂದರು. ಚಿಕ್ಕಬೋರಮ್ಮ ಬಾಗಿಲ ಸಂದಿಯಲ್ಲಿ ನಿಂತು, "ಊಂ ಕಣಪ್ಪ, ಚಿಕ್ಕೋನು, ತಿಳೀದೆ ಮಾಡ್ದ" ಎಂದಳು.

ಚಿಕ್ಕಸ್ವಾಮಿಗೆ ತಟ್ಟೆಯನ್ನು ಎತ್ತಿ ಮಾವನ ಮುಖಕ್ಕೆ ಎರಚಬೇಕೆನಿಸಿತು. ತಾಯಿ ನೋಡುತ್ತಿದ್ದಳು. ಅವನು ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ನುಂಗಿದ.

"ಇನ್ನೊಂದೀಟು ಇಕ್ಕು ಅವ್ನಿಗೆ" ಎಂದ ಸೋಮಯ್ಯ.